ಪಿಪ್ ಪತ್ರ ಕೈಗೆ ಬಂದಾಗ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮ ಬಳಿ ಸಲಹೆಗೆ ಬಂದವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಲೀಡ್. ವಯಸ್ಸು 34. ಸೇರಿ 4 ವರ್ಷ 8 ತಿಂಗಳಾಗಿದೆ. ಏಪ್ರಿಲ್‌ನಲ್ಲಿ ಸರಾಸರಿ ರೇಟಿಂಗ್ ಬಂದಿತ್ತು, ಜೂನ್‌ನಲ್ಲಿ ಮ್ಯಾನೇಜರ್ ಬದಲಾದರು. ಸೆಪ್ಟೆಂಬರ್ 22ಕ್ಕೆ 60 ದಿನಗಳ ಪಿಪ್ ಪತ್ರ, ಅಂದರೆ ಅಷ್ಟರಲ್ಲಿ ಕೆಲಸ ಸುಧಾರಿಸಿ ತೋರಿಸಿ ಎನ್ನುವ ಪತ್ರ, ಕೈಗೆ ಬಂತು. ಅವರ ಮೊದಲ ಪ್ರಶ್ನೆ: "ಮೇಡಂ, ಸೈನ್ ಹಾಕಿದ್ರೆ ತಪ್ಪು ಒಪ್ಕೊಂಡ ಹಾಗೆ ಆಗಲ್ವಾ?"

ಹಾಗೇನೂ ಇಲ್ಲ. ಸಹಿಯ ಪಕ್ಕದಲ್ಲಿ "ಸ್ವೀಕರಿಸಿದ್ದೇನೆ, ಒಪ್ಪಿಗೆಯಲ್ಲ" ಎಂದು ಬರೆದರಾಯಿತು. ಆನ್‌ಲೈನ್‌ನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಅದೇ ಮಾತನ್ನು ಅದೇ ದಿನ ಮೇಲ್ ಮಾಡಬೇಕು.

ಪಿಪ್ ಎಂದರೆ ಹೆಸರಿಗೆ ಸುಧಾರಣೆಯ ಯೋಜನೆ. ಕೆಲವೊಮ್ಮೆ ನಿಜಕ್ಕೂ ಅದೇ ಆಗಿರುತ್ತದೆ. ಬಹಳ ಸಲ ಅದು ಕೆಲಸದಿಂದ ತೆಗೆಯುವ ಮುನ್ನ ಕಟ್ಟುವ ಕಡತ. ಯಾವುದೆಂದು ಪತ್ರದ ಗುರಿಗಳೇ ಹೇಳುತ್ತವೆ. ಇವರ ಪತ್ರದಲ್ಲಿ ಮೂರು ಗುರಿಗಳಿದ್ದವು. ಮೊದಲನೆಯದು, ಟೆಸ್ಟ್ ಆಟೊಮೇಷನ್ ಅನ್ನು 35ರಿಂದ 80 ಶೇಕಡಕ್ಕೆ ಏರಿಸುವುದು. ಕಷ್ಟ, ಆದರೆ ಅಳೆಯಬಹುದು. ಎರಡನೆಯದು, ಗ್ರಾಹಕರಿಗೆ ಹೋದ ಆವೃತ್ತಿಯಲ್ಲಿ ಒಂದೂ ದೋಷ ಇರಬಾರದು. ಕೋಡ್ ಬರೆಯುವವರು ಬೇರೆ, ರಿಲೀಸ್ ದಿನ ಗೊತ್ತುಮಾಡುವವರು ಬೇರೆ, ಹಾಗಾಗಿ ಇದು ಇವರ ಕೈಯಲ್ಲಿಲ್ಲ. ಮೂರನೆಯದು, "ಹೆಚ್ಚಿನ ಹೊಣೆಗಾರಿಕೆ ತೋರಿಸಬೇಕು". ಇದನ್ನು ಅಳೆಯುವ ಕೋಲೇ ಇಲ್ಲ. ಮೂರರಲ್ಲಿ ಎರಡು ಹೀಗಿದ್ದರೆ ತೀರ್ಮಾನ ಮೊದಲೇ ಆಗಿರಬಹುದು ಎಂದು ಎಣಿಸಿಯೇ ನಡೆಯುವುದು ಕ್ಷೇಮ.

ಆದರೂ ಎರಡು ವಾರ ಪರೀಕ್ಷಿಸಿ ನೋಡಲು ಹೇಳಿದೆವು. ಮೂರು ದಿನದೊಳಗೆ ಮ್ಯಾನೇಜರ್‌ಗೂ ಎಚ್‌ಆರ್‌ಗೂ ಒಂದು ಮೇಲ್ ಹೋಯಿತು: ಎರಡನೆಯ, ಮೂರನೆಯ ಗುರಿಯನ್ನು ಹೇಗೆ ಅಳೆಯುತ್ತೀರಿ, ಏಪ್ರಿಲ್ ನಂತರ ಯಾವ ಕೆಲಸದಲ್ಲಿ ಕೊರತೆ ಕಂಡಿತು, ವಾರಕ್ಕೊಮ್ಮೆ ಯಾರು ಪರಿಶೀಲಿಸುತ್ತಾರೆ? ಅದರಲ್ಲಿ ದೂರಿಲ್ಲ, ಬರೀ ಪ್ರಶ್ನೆಗಳು. ಪ್ರತಿ ಮೀಟಿಂಗ್ ಮುಗಿದ ಮೇಲೆ ಮಾತಾಡಿದ್ದನ್ನು ನಾಲ್ಕು ಸಾಲಲ್ಲಿ ಬರೆದು ಕಳಿಸುವುದು. ಕಂಪನಿಯ ಕಡತಗಳನ್ನು ಮಾತ್ರ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬಾರದು. ಸಾಕ್ಷಿ ಕೂಡಿಡಲು ಹೋಗಿ ಹೀಗೆ ಮಾಡಿದವರನ್ನು ಮಾಹಿತಿ ಸೋರಿಕೆ ಎಂದು ಅಂದೇ ಮನೆಗೆ ಕಳಿಸಬಹುದು. ಸ್ವಂತ ಸಂಬಳದ ಚೀಟಿ, ನೇಮಕಾತಿ ಪತ್ರ, ಹಳೆಯ ರೇಟಿಂಗ್ ಪತ್ರ ಇಷ್ಟು ಕೈಯಲ್ಲಿದ್ದರೆ ಸಾಕು.

ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ. ಎರಡನೇ ವಾರ ಹೊಸ ಕೆಲಸ ಕೊಡುವುದು ನಿಂತಿತು, "ನಿಮಗೆ ಗೊತ್ತಿರೋದನ್ನೆಲ್ಲ ಡಾಕ್ಯುಮೆಂಟ್ ಮಾಡಿ" ಎಂದರು. ಮುಂದಿನ ತ್ರೈಮಾಸಿಕದ ಯೋಜನೆಯಲ್ಲಿ ಅವರ ಹೆಸರೇ ಇರಲಿಲ್ಲ. ಉಳಿಸಿಕೊಳ್ಳಬೇಕೆಂದಿರುವವರ ಕೈಲಿ ಯಾರೂ ಇಷ್ಟು ಆತುರದಲ್ಲಿ ಕೆಲಸ ಬರೆಸಿಕೊಳ್ಳುವುದಿಲ್ಲ.

ಹಾಗಾದರೆ ಎದುರಿಸಬೇಕೇ? ಹೆರಿಗೆ ರಜೆ ಮುಗಿಸಿ ಬಂದ ಕೂಡಲೇ, ಅಥವಾ ಕಿರುಕುಳದ ದೂರು ಕೊಟ್ಟ ಬೆನ್ನಿಗೇ ಪಿಪ್ ಬಂದಿದ್ದರೆ ವಕೀಲರ ಬಳಿ ಹೋಗಿ ಎನ್ನುತ್ತಿದ್ದೆವು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಕಾರ್ಮಿಕ ಇಲಾಖೆಯ ದಾರಿ ಇದೆ, ಆದರೆ ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸ ಮೇಲ್ವಿಚಾರಣೆಯದೋ ಅಲ್ಲವೋ ಎಂಬುದರಿಂದಲೇ ವಾದ ಶುರುವಾಗುತ್ತದೆ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಕೆಲಸಕ್ಕಾಗಿ ಹೋರಾಡುವುದು ಬೇಡ, ಹೊರಡುವ ಷರತ್ತುಗಳಿಗಾಗಿ ಹೋರಾಡಿ ಎಂಬುದು ನಮ್ಮ ಸಲಹೆಯಾಗಿತ್ತು.

ಅಕ್ಟೋಬರ್ 13ಕ್ಕೆ ಎಚ್‌ಆರ್ ಕರೆದು ಕೂರಿಸಿಕೊಂಡರು: "ಇವತ್ತೇ ರಾಜೀನಾಮೆ ಕೊಡಿ, ಎರಡು ತಿಂಗಳ ಬೇಸಿಕ್ ಕೊಡ್ತೀವಿ." ಬೇಸಿಕ್ 52,000, ಅಂದರೆ 1,04,000 ರೂಪಾಯಿ. ಆದರೆ ಅವರ ಒಟ್ಟು ಸಂಬಳ 1,30,000. ಕರಾರಿನ ಪ್ರಕಾರ 90 ದಿನ ನೋಟಿಸ್ ಅವಧಿ ಮುಗಿಸಿದರೆ ಅದೇ 3,90,000. ಜೊತೆಗೆ, ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಗ್ರಾಚ್ಯುಟಿಯ ಮಾತಿದೆ: ಅವರು ಸೇರಿದ್ದು ಜನವರಿ 8ಕ್ಕೆ, ನೋಟಿಸ್ ಮುಗಿಯುವುದು ಜನವರಿ 11ಕ್ಕೆ. ಅಷ್ಟರಲ್ಲಿ ಐದು ವರ್ಷ ತುಂಬಿರುತ್ತದೆ. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ. ಆಗಿನ ನಿಯಮದಂತೆ ಬೇಸಿಕ್ 52,000ದ ಮೇಲೆ ವರ್ಷಕ್ಕೆ 30,000, ಐದು ವರ್ಷಕ್ಕೆ 1,50,000. ನಾಲ್ಕು ವರ್ಷ 240 ದಿನ ಸಾಕು ಎನ್ನುವ ತೀರ್ಪೂ ಇದೆ, ಆದರೆ ಅದನ್ನು ಹಿಡಿದು ಅಲೆದಾಡುವುದಕ್ಕಿಂತ ನೋಟಿಸ್ ಮುಗಿಯುವವರೆಗೆ ಕೂರುವುದು ಸುಲಭ.

ಆ ಕೋಣೆಯಲ್ಲಿ ಅವರು ಹೇಳಬೇಕಿದ್ದದ್ದು ಒಂದೇ ಮಾತು: "ಮೇಲ್‌ನಲ್ಲಿ ಕಳಿಸಿ, ನೋಡಿ ಹೇಳ್ತೀನಿ." ರಾಜೀನಾಮೆ ಒಮ್ಮೆ ಬರೆದುಕೊಟ್ಟರೆ, ಒತ್ತಾಯದಿಂದ ಬರೆಸಿಕೊಂಡರು ಎಂದು ಸಾಬೀತು ಮಾಡುವ ಭಾರ ಬರೆದವರ ಮೇಲೇ ಬೀಳುತ್ತದೆ. ನಾಲ್ಕು ದಿನ ಮೇಲ್‌ಗಳು ಓಡಾಡಿದವು. ಪೂರ್ತಿ ನೋಟಿಸ್ ಅವಧಿ, ಕೊನೆಯ ದಿನ ಜನವರಿ 11ಕ್ಕಿಂತ ಮುಂಚೆಯಲ್ಲ, ಪಿಪ್ ಅಲ್ಲಿಗೇ ನಿಲುಗಡೆ, ರಿಲೀವಿಂಗ್ ಪತ್ರದಲ್ಲಿ "ರಾಜೀನಾಮೆ" ಎಂಬ ಪದ: ಇಷ್ಟೂ ಲಿಖಿತವಾಗಿ ಬಂದ ಮೇಲೆಯೇ ಅವರು ರಾಜೀನಾಮೆ ಕಳಿಸಿದರು. ಎರಡು ತಿಂಗಳ ಬೇಸಿಕ್ ಮಾತ್ರ ಸಿಗಲಿಲ್ಲ.

ಕೊನೆಗೆ ಒಂದು ಪ್ರಶ್ನೆ ಉಳಿದಿತ್ತು, ಬಹಳ ಜನ ಇದನ್ನು ಕೇಳುವುದೇ ಇಲ್ಲ. ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲನೆ ಮಾಡಿಸುವಾಗ ದಿನಾಂಕ, ಹುದ್ದೆಯ ಜೊತೆಗೆ "ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವಿರಾ?" ಎಂದೂ ಕೇಳುವುದುಂಟು. ಅಲ್ಲಿ "ಇಲ್ಲ" ಎಂದು ಬಿದ್ದರೆ ಕೈಗೆ ಬಂದ ಆಫರ್ ತಪ್ಪಬಹುದು. ಎಚ್‌ಆರ್ ಅದಕ್ಕೆ ಏನೆಂದು ಉತ್ತರಿಸುತ್ತಾರೆಂದು ಮೇಲ್‌ನಲ್ಲೇ ಕೇಳಿಸಿದೆವು. "ಹೌದು" ಎಂಬ ಒಂದು ಸಾಲಿನ ಉತ್ತರ ಬಂದದ್ದು ಡಿಸೆಂಬರ್ ಕೊನೆಯ ವಾರದಲ್ಲಿ, ಮೂರನೇ ಬಾರಿ ನೆನಪಿಸಿದ ಮೇಲೆ.