ಕುಸಿತದ ನಡುವೆ ಮಾರುವ ಮುನ್ನ

ಪ್ರಶ್ನೆ: ಷೇರು ಪೇಟೆ ಕುಸಿದು ನನ್ನ 100ರ ಹೂಡಿಕೆ 70ಕ್ಕೆ ಇಳಿದಿದೆ. ಹೆಚ್ಚಿನದು ಸೂಚ್ಯಂಕದ ಕಂಪನಿಗಳಲ್ಲೆಲ್ಲ ಹಣ ಹಂಚುವ ಇಂಡೆಕ್ಸ್ ಫಂಡ್‌ನಲ್ಲಿದೆ, ಉಳಿದದ್ದು ಒಂದೇ ಕಂಪನಿಯ ಷೇರಿನಲ್ಲಿ. ಇದರಲ್ಲಿ 20 ಇನ್ನೆರಡು ವರ್ಷದೊಳಗೆ ಮಗಳ ಓದಿಗೆ ಬೇಕು. ರಾತ್ರಿ ನಿದ್ದೆ ಬರುತ್ತಿಲ್ಲ. ಎಲ್ಲವನ್ನೂ ಮಾರಿಬಿಡಲೇ?

ಉತ್ತರ: ಈ 70ನ್ನು ಒಂದೇ ಗಂಟಾಗಿ ನೋಡಬೇಡಿ, ಯಾವ ಹಣ ಯಾವಾಗ ಬೇಕು ಎಂಬುದರ ಮೇಲೆ ಅದನ್ನು ಬೇರ್ಪಡಿಸಿ. ಮಗಳ ಓದಿನ 20ನ್ನು ಬೇರೆಡೆಯಿಂದ ಹೊಂದಿಸಲಾಗದಿದ್ದರೆ, ನಷ್ಟವಾದರೂ ಸರಿ, ಈಗಲೇ ಹೊರತೆಗೆದು ಸುರಕ್ಷಿತ ಠೇವಣಿಯಲ್ಲಿಡಿ ಎಂಬುದು ನನ್ನ ಸಲಹೆ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕವು 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್ ವೇಳೆಗೆ ಅರ್ಧಕ್ಕಿಂತ ಹೆಚ್ಚು ಕುಸಿದು, ಹಳೆಯ ಎತ್ತರವನ್ನು ಮತ್ತೆ ಮುಟ್ಟಿದ್ದು 2013ರಲ್ಲಿ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಎತ್ತರವನ್ನು ದಾಟಲು 2024ರವರೆಗೆ ಕಾಯಬೇಕಾಯಿತು. ಕಾಲೇಜಿನ ಶುಲ್ಕ ಹಾಗೆ ಕಾಯುವುದಿಲ್ಲ.

ಉಳಿದ 50ರ ವಿಚಾರ ಬೇರೆ. ಇದರಲ್ಲಿ ಸಾಲ ಮಾಡಿ ಕೊಂಡದ್ದು ಅಥವಾ ಬ್ರೋಕರ್ ನೀಡಿದ ಮಾರ್ಜಿನ್‌ನಲ್ಲಿ, ಅಂದರೆ ಷೇರಿನ ಆಧಾರದ ಮೇಲೆ ಅವರು ಕೊಟ್ಟ ಸಾಲದಲ್ಲಿ, ಕೊಂಡದ್ದು ಇದೆಯೇ ಎಂದು ಮೊದಲು ನೋಡಿ. ಇದ್ದರೆ, ಬೆಲೆ ಮತ್ತಷ್ಟು ಇಳಿದು ಹೆಚ್ಚುವರಿ ಹಣ ತುಂಬಲಾಗದ ದಿನ ನಿಮ್ಮ ಷೇರನ್ನು ಸಾಲ ಕೊಟ್ಟವರೇ ಮಾರಬಹುದು, ಅದೂ ತೀರಾ ಕೆಟ್ಟ ಬೆಲೆಗೆ. ಆದ್ದರಿಂದ ಆ ಸಾಲವನ್ನು ನೀವಾಗಿಯೇ ಇಳಿಸಿಕೊಳ್ಳುವುದು ಲೇಸು.

ಸಾಲವಿಲ್ಲದಿದ್ದರೆ ಫಂಡ್ ಮತ್ತು ಒಂಟಿ ಷೇರನ್ನು ಬೇರೆಬೇರೆಯಾಗಿ ತೂಗಿ ನೋಡಿ. ಪೇಟೆ ಶೇ 30 ಇಳಿದಾಗ ನಿಮ್ಮ ಕಂಪನಿಯ ಷೇರು ಶೇ 60 ಇಳಿದಿದ್ದರೆ, ಅದಕ್ಕೆ ಆ ಕಂಪನಿಯದೇ ಕಾರಣವಿದೆಯೇ ಎಂದು ವಿಚಾರಿಸಬೇಕು. ಅದರ ಇತ್ತೀಚಿನ ತ್ರೈಮಾಸಿಕ ವರದಿಯಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದ ಸಾಲವನ್ನೂ ಕೈಯಲ್ಲಿರುವ ನಗದನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಗದು ಸಾಕಾಗುವುದಿಲ್ಲ, ವ್ಯವಹಾರದಿಂದಲೂ ಹಣ ಬರುತ್ತಿಲ್ಲ ಎಂದಾದರೆ, ಪೇಟೆ ಚೇತರಿಸಿದರೂ ಆ ಷೇರು ಮೇಲೇಳುವ ಖಾತರಿಯಿಲ್ಲ. ಅಂಥದ್ದನ್ನು ಮಾರುವುದು ಭಯದ ನಿರ್ಧಾರವಲ್ಲ. ಕೊಂಡ ಬೆಲೆ ಬರಲಿ ಎಂದು ಕಾಯುವುದೇ ಇಲ್ಲಿ ಹಲವರನ್ನು ಮುಳುಗಿಸಿದೆ.

ಇಂಡೆಕ್ಸ್ ಫಂಡ್ ಮಾರುವ ಮುನ್ನ ಮಾತ್ರ ಮರಳಿ ಯಾವಾಗ ಕೊಳ್ಳುತ್ತೀರಿ ಎಂದು ಕಾಗದದ ಮೇಲೆ ಬರೆಯಿರಿ. ಉದಾಹರಣೆಗೆ, ತಲಾ 70ರಂತೆ 1,000 ಯೂನಿಟ್ ಮಾರಿ, ಪೇಟೆ ತಿಳಿಯಾಯಿತು ಎನಿಸಿದಾಗ 77ಕ್ಕೆ ಕೊಂಡರೆ ಸಿಗುವುದು 909 ಯೂನಿಟ್ ಮಾತ್ರ. ತೆರಿಗೆ, ಶುಲ್ಕ ಕಳೆದರೆ ಇನ್ನೂ ಕಡಿಮೆ. ಭಾರೀ ಏರಿಕೆಯ ದಿನಗಳು ಬಹಳಷ್ಟು ಸಲ ಭಾರೀ ಇಳಿಕೆಯ ದಿನಗಳ ಬೆನ್ನಿಗೇ ಬರುವುದರಿಂದ, ನಿರಾಳವಾದ ಮೇಲೆ ಕೊಳ್ಳುವವರಿಗೆ ಅಗ್ಗದ ಬೆಲೆ ಸಿಗುವುದು ಅಪರೂಪ. ಆದರೂ ನಿದ್ದೆ ಬಾರದಿದ್ದರೆ, 50ರಲ್ಲಿ ಎಷ್ಟನ್ನು ತೆಗೆದರೆ ಉಳಿದದ್ದು ಇನ್ನೊಮ್ಮೆ ಶೇ 30 ಇಳಿದರೂ ತಡೆದುಕೊಳ್ಳಬಲ್ಲಿರಿ ಎಂದು ಲೆಕ್ಕ ಹಾಕಿ, ಅಷ್ಟನ್ನೇ ಮಾರಿ.