ಬೋರ್ಡಿನ 1450 ಮೀಟರ್ ಪೂರ್ತಿ ನೀವು ಹತ್ತಲ್ಲ

ಚಿಕ್ಕಬಳ್ಳಾಪುರದ ಸ್ಕಂದಗಿರಿ ಬೆಟ್ಟದ ಬೋರ್ಡಿನ ಫೋಟೋ ಕಳಿಸಿದ್ದೇನೆ. ದೂರ 4 ಕಿ.ಮೀ., ಎತ್ತರ 1450 ಮೀಟರ್. ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಅಂತ ಲೆಕ್ಕ ಹಾಕಿದರೆ ಮೂರು ಗಂಟೆ ದಾಟುತ್ತದೆ. ಊರ ಹುಡುಗರು ಒಂದೂವರೆ ಗಂಟೆಯಲ್ಲಿ ಹತ್ತುತ್ತಾರೆ. ಸೂತ್ರವೇ ತಪ್ಪಾ?

ಸೂತ್ರ ಸರಿ ಇದೆ. ಅದಕ್ಕೆ ಹಾಕಿದ ಅಂಕಿ ತಪ್ಪು. ಇದೇ ಫೋಟೋ, ಇದೇ ತಪ್ಪು ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಆ 1450 ಸಮುದ್ರ ಮಟ್ಟದಿಂದ ತುದಿಯ ಎತ್ತರ. ನೀವು ಮಂಗಳೂರಿನ ಕಡಲತೀರದಿಂದ ಹತ್ತಲು ಶುರು ಮಾಡಲ್ಲ ಅಲ್ವಾ? ಚಿಕ್ಕಬಳ್ಳಾಪುರ ಪೇಟೆಯೇ 900 ಮೀಟರ್‌ಗಿಂತ ಮೇಲಿದೆ. ಬೆಟ್ಟದ ಬುಡ 950 ಅಂತ ಇಟ್ಟುಕೊಂಡರೆ ಹತ್ತುವುದು 500 ಮೀಟರ್ ಮಾತ್ರ. ಈಗ ಲೆಕ್ಕ ಹಾಕಿ. ದೂರಕ್ಕೆ 48 ನಿಮಿಷ, ಏರಿಗೆ 50 ನಿಮಿಷ. ಒಟ್ಟು 1 ಗಂಟೆ 38 ನಿಮಿಷ. ಊರ ಹುಡುಗರ ಸಮಯ ಹೆಚ್ಚುಕಮ್ಮಿ ಅಷ್ಟೇ.

ಬೋರ್ಡಿನ ಮೇಲಿರುವುದು ಯಾವ ಎತ್ತರ ಅಂತ ಫೋಟೋದಲ್ಲೇ ಗೊತ್ತಾಗುತ್ತದೆ. ಎತ್ತರವನ್ನು ದೂರದಿಂದ ಭಾಗಿಸಿ. 1450ನ್ನು 4ರಿಂದ ಭಾಗಿಸಿದರೆ ಕಿಲೋಮೀಟರಿಗೆ 360 ಮೀಟರ್ ಏರು ಬರುತ್ತದೆ. ಅಷ್ಟು ಕಡಿದಾದ ಕಾಲುದಾರಿ ಶುರುವಿನಿಂದ ತುದಿವರೆಗೂ ಇರುವುದು ಅಪರೂಪ. ಇಷ್ಟು ದೊಡ್ಡ ಅಂಕಿ ಬಂದರೆ ಅನುಮಾನಪಡಿ, ನಕ್ಷೆಯ ಕಾಂಟೂರ್ ಗೆರೆಯಲ್ಲಿ ಬುಡದ ಎತ್ತರ ನೋಡಿ ಕಳೆಯಿರಿ. ಆ 4 ಕಿ.ಮೀ. ಹೋಗುವುದಕ್ಕಾ, ಹೋಗಿ ಬರುವುದಕ್ಕಾ ಅನ್ನುವುದನ್ನೂ ವಿಚಾರಿಸಿ.

ಇನ್ನು ನಿಮ್ಮ ಸೂತ್ರ. ಅದು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಕೊಟ್ಟದ್ದು. ಗಟ್ಟಿ ಕಾಲಿನವರಿಗೆ ಹೊಂದುತ್ತದೆ, ಕೂತು ಸುಧಾರಿಸಿಕೊಳ್ಳುವ ಹೊತ್ತು ಅದರಲ್ಲಿ ಸೇರಿಲ್ಲ. ಮನೆಮಂದಿ ಜೊತೆ ಹೋಗುವವರಿಗೆ ನಾನು ಹೇಳುವುದು ಜರ್ಮನ್ನರ ಲೆಕ್ಕ. ಗಂಟೆಗೆ 4 ಕಿ.ಮೀ. ದೂರ, 300 ಮೀಟರ್ ಏರು. ಎರಡೂ ಸಮಯ ಬೇರೆ ಬೇರೆ ತೆಗೆದು, ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಿ. ಇಲ್ಲಿ ಏರಿಗೆ 100 ನಿಮಿಷ, ದೂರಕ್ಕೆ 60. ಅಂದರೆ 100ಕ್ಕೆ 30 ಸೇರಿ 2 ಗಂಟೆ 10 ನಿಮಿಷ. ಇಳಿಯಲು ಗಂಟೆಗೆ 500 ಮೀಟರ್ ಹಿಡಿದು, ದೂರದ 60 ನಿಮಿಷದಲ್ಲಿ ಅರ್ಧ ಸೇರಿಸಿ, ಒಂದೂವರೆ ಗಂಟೆ ಬರುತ್ತದೆ. ಅದರ ಮೇಲೆ ನಾನು ಇನ್ನೊಂದು ಗಂಟೆ ಇಟ್ಟುಕೊಳ್ಳುತ್ತೇನೆ. ಹೆದರುಪುಕ್ಕಲ ಅಂತೀರಾ? ಅನ್ನಿ.

ಮಧುಗಿರಿ ಬೆಟ್ಟಕ್ಕೂ ಇದೇ ಲೆಕ್ಕವಾ?

ಇಲ್ಲ. ಅದು ಬೋಳು ಬಂಡೆ, ಕಂಬಿ ಹಿಡಿದು ಹತ್ತುವ ಕಡೆ ನಡಿಗೆಯ ಸೂತ್ರ ನಡೆಯಲ್ಲ. ಮಳೆ ಬಿದ್ದಿದ್ದರೆ ಹೋಗಲೇಬೇಡಿ.

ಇಳಿಯಲು ಹತ್ತಿದ ಅರ್ಧ ಹೊತ್ತು ಸಾಕಂತೆ?

ಯಾರು ಹೇಳಿದ್ದು? ಮೇಲಿನ ಲೆಕ್ಕ ಮತ್ತೆ ನೋಡಿ.

ಗ್ಲೂಕೋಸ್ ನೀರು ಕುಡಿದರೆ ಅರ್ಧ ಗಂಟೆ ಉಳಿಯುತ್ತದಾ?

ಸುಮ್ನೆ ಮಾರುವವರ ಮಾತು. ಮಾಮೂಲಿ ನೀರನ್ನೇ ಜಾಸ್ತಿ ತೆಗೆದುಕೊಂಡು ಹೋಗಿ.