ಖಾತ್ರಿ ಲಾಭ ಎನ್ನುವ ಆಟೋ ಟ್ರೇಡಿಂಗ್ ಆ್ಯಪ್: ಮೊದಲು ನೋಡಬೇಕಾದದ್ದು ಹಣ ಯಾರ ಖಾತೆಯಲ್ಲಿದೆ ಎಂಬುದನ್ನು

ಪ್ರಶ್ನೆ: ಒಂದು ಆಟೋ ಟ್ರೇಡಿಂಗ್ ಆ್ಯಪ್ ದಿನಕ್ಕೆ ಶೇ 1 ಲಾಭ ಖಾತ್ರಿ ಅಂತ ಹೇಳ್ತಿದೆ. ಸ್ವಲ್ಪ ಹಣ ಹಾಕಿ ವಾಪಸ್ ತೆಗೆದು ನೋಡಿದೆ, ಬಂತು. ಇದು ನಿಜವಾದ ಸಾಧನವೋ ಮೋಸವೋ ಹೇಗೆ ಗೊತ್ತಾಗುತ್ತೆ?

ದಯವಿಟ್ಟು ಇನ್ನು ಹಣ ಹಾಕಬೇಡಿ, ಒಳಗೆ ಉಳಿದಿರುವುದನ್ನು ಇಂದೇ ತೆಗೆದುಕೊಳ್ಳಿ. ನಾನು ಕೆಲವು ವರ್ಷಗಳಿಂದ ನನ್ನ ಸ್ವಂತ ಖಾತೆಗಾಗಿ ಸ್ವಯಂಚಾಲಿತ ವಹಿವಾಟಿನ ಪ್ರೋಗ್ರಾಂಗಳನ್ನು ಬರೆದು ನಡೆಸುತ್ತಿದ್ದೇನೆ. ಪ್ರೋಗ್ರಾಂ ಒಂದು ನಿಯಮವನ್ನು ದಣಿವಿಲ್ಲದೆ ಪಾಲಿಸಬಲ್ಲದೇ ಹೊರತು ನಾಳೆಯ ಬೆಲೆಯನ್ನು ಅರಿಯಲಾರದು. ಆದ್ದರಿಂದ ಲಾಭವನ್ನು ಖಾತ್ರಿಪಡಿಸುವ ಬಾಟ್ ಎಂಬ ವಸ್ತುವೇ ಇಲ್ಲ.

ದಿನಕ್ಕೆ ಶೇ 1 ಎಂಬುದು ಕೇಳಲು ಚಿಕ್ಕದು. ಲಾಭವನ್ನು ಮುಟ್ಟದೆ ಮತ್ತೆ ತೊಡಗಿಸುತ್ತಾ ಹೋದರೆ 365 ದಿನಗಳಲ್ಲಿ ಹಣ ಸುಮಾರು 37.8 ಪಟ್ಟಾಗುತ್ತದೆ, ಅಂದರೆ 10,000 ಹಾಕಿದವರ ಬಳಿ 3,78,000ದಷ್ಟು ಇರಬೇಕು. ಅದೇ ವೇಗದಲ್ಲಿ ಮೂರು ವರ್ಷ ನಡೆದರೆ ಅದು 53 ಕೋಟಿಯನ್ನು ದಾಟುತ್ತದೆ. ಇಂಥ ಯಂತ್ರ ಕೈಯಲ್ಲಿರುವವನು ಸಾಲ ತಂದಾದರೂ ಒಬ್ಬನೇ ಅದನ್ನು ನಡೆಸುತ್ತಾನೆ. ಅಪರಿಚಿತರಿಂದ ಸಣ್ಣ ಸಣ್ಣ ಮೊತ್ತ ಸಂಗ್ರಹಿಸುವ ಅಗತ್ಯ ಅವನಿಗಿರುವುದಿಲ್ಲ.

ನಿಮ್ಮ ಹಣ ವಾಪಸ್ ಬಂದದ್ದು ಏಕೆ ಸಾಕ್ಷ್ಯವಾಗುವುದಿಲ್ಲ ಎಂಬುದಕ್ಕೆ ಬಿಟ್‌ಕನೆಕ್ಟ್ ಪ್ರಕರಣ ಒಳ್ಳೆಯ ಉತ್ತರ. ಆ ಯೋಜನೆಯಲ್ಲಿ ಜನರು ತಮ್ಮ ಬಿಟ್‌ಕಾಯಿನ್ ಕೊಟ್ಟು ಕಂಪನಿಯದೇ ನಾಣ್ಯವನ್ನು ಕೊಂಡು, ಅದನ್ನು ಮತ್ತೆ ಕಂಪನಿಗೇ 'ಸಾಲ'ವಾಗಿ ಕೊಡಬೇಕಿತ್ತು. ಬೆಲೆಯ ಏರಿಳಿತದಲ್ಲಿ ತಮ್ಮ ಟ್ರೇಡಿಂಗ್ ಬಾಟ್ ಲಾಭ ತೆಗೆಯುತ್ತದೆ ಎಂಬುದು ಅವರ ಹೇಳಿಕೆಯಾಗಿತ್ತು. ಬಹಳ ಕಾಲ ಹಣ ಸರಿಯಾಗಿಯೇ ಬಂತು. 2018ರ ಜನವರಿಯಲ್ಲಿ ಸಾಲದ ಯೋಜನೆಯನ್ನು ಮುಚ್ಚಿ, ಬಾಕಿಯನ್ನು ಅದೇ ನಾಣ್ಯದಲ್ಲಿ ತೀರಿಸಿದಾಗ ಆ ನಾಣ್ಯದ ಬೆಲೆ ಕುಸಿದುಬಿತ್ತು. ಹೊಸಬರು ತಂದ ಹಣದಿಂದಲೇ ಹಳಬರಿಗೆ ಪಾವತಿಸಲಾಗುತ್ತಿತ್ತು ಎಂದು ಅಮೆರಿಕದ ಪ್ರಾಸಿಕ್ಯೂಟರ್‌ಗಳು ಆರೋಪಿಸಿದರು. ಅವರ ಲೆಕ್ಕದಲ್ಲಿ ಒಟ್ಟು ಮೊತ್ತ ಸುಮಾರು 240 ಕೋಟಿ ಡಾಲರ್. ಮೊದಲ ಸಣ್ಣ ಪಾವತಿಗಳು ಇಂಥ ಯೋಜನೆಯ ಖರ್ಚಿನ ಭಾಗ. ನೀವು ದೊಡ್ಡ ಮೊತ್ತ ಹಾಕಲಿ, ಪರಿಚಿತರನ್ನೂ ಕರೆತರಲಿ ಎಂದೇ ಅವನ್ನು ಕೊಡುತ್ತಾರೆ.

ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಹಣ ಯಾರ ಹೆಸರಿನ ಖಾತೆಯಲ್ಲಿದೆ? ನಿಜವಾದ ಸಾಧನ ನಿಮ್ಮ ಹಣವನ್ನು ಮುಟ್ಟುವುದಿಲ್ಲ. ಹಣ ಇರುವುದು ನೋಂದಾಯಿತ ಬ್ರೋಕರ್ ಅಥವಾ ವಿನಿಮಯ ಕೇಂದ್ರದಲ್ಲಿ ನಿಮ್ಮದೇ ಹೆಸರಿನಲ್ಲಿ ತೆರೆದ ಖಾತೆಯಲ್ಲಿ. ಸಾಧನಕ್ಕೆ ಸಿಗುವುದು ಆ ಖಾತೆಯಲ್ಲಿ ಆರ್ಡರ್ ಹಾಕುವ ಅನುಮತಿ ಮಾತ್ರ. ಆ ಅನುಮತಿಯನ್ನು ಸಾಮಾನ್ಯವಾಗಿ ಎಪಿಐ ಕೀ ಎಂಬ ಗುಟ್ಟಿನ ಅಕ್ಷರಮಾಲೆಯ ಮೂಲಕ ಕೊಡುತ್ತಾರೆ. ಕ್ರಿಪ್ಟೊ ವಿನಿಮಯ ಕೇಂದ್ರಗಳಲ್ಲಿ ಕೀ ಸೃಷ್ಟಿಸುವಾಗ ಓದುವುದು, ವಹಿವಾಟು ನಡೆಸುವುದು, ಹಣ ಹೊರಗೆ ಕಳಿಸುವುದು ಎಂಬ ಅನುಮತಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಹಣ ಹೊರಗೆ ಕಳಿಸುವ ಅನುಮತಿ ಬೇಕು ಎನ್ನುವ ಸಾಧನವನ್ನು ಅಲ್ಲಿಗೇ ಬಿಟ್ಟುಬಿಡಿ. ವಹಿವಾಟಿನ ಅನುಮತಿಯಷ್ಟನ್ನೇ ಕೊಟ್ಟರೂ ಅಪಾಯ ಪೂರ್ತಿ ತಪ್ಪುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ: ಕೀ ದುರುಳರ ಕೈಸೇರಿದರೆ, ಅವರು ಯಾರೂ ಕೊಳ್ಳದ ಯಾವುದೋ ನಾಣ್ಯವನ್ನು ನಿಮ್ಮ ಖಾತೆಯಿಂದ ದುಬಾರಿ ಬೆಲೆಗೆ ಕೊಳ್ಳುವಂತೆ ಮಾಡಿ, ತಮ್ಮ ಬಳಿಯಿರುವ ಅದೇ ನಾಣ್ಯವನ್ನು ಆ ಬೆಲೆಗೆ ನಿಮಗೇ ಮಾರಿ ಹಣ ಎತ್ತಬಹುದು. ಆದ್ದರಿಂದ ಕೀಯನ್ನು ಆ ಸಾಧನದ ಸರ್ವರ್‌ನ ಐಪಿ ವಿಳಾಸಕ್ಕೆ ಮಾತ್ರ ಸೀಮಿತಗೊಳಿಸುವ ಸೌಲಭ್ಯವಿದ್ದರೆ ಅದನ್ನು ಬಳಸಬೇಕು.

ನಿಮ್ಮ ಆ್ಯಪ್ ಹಣವನ್ನು ತನ್ನ 'ವಾಲೆಟ್'ಗೆ, ಯಾರೋ ವ್ಯಕ್ತಿಯ ಬ್ಯಾಂಕ್ ಖಾತೆಗೆ ಅಥವಾ ಪ್ರತಿ ಬಾರಿಯೂ ಬದಲಾಗುವ ಖಾತೆಗೆ ಹಾಕಿಸಿಕೊಂಡಿದ್ದರೆ, ಪರದೆಯ ಮೇಲೆ ಕಾಣುವ ಬ್ಯಾಲೆನ್ಸ್ ಅವರು ಬರೆದ ಒಂದು ಅಂಕಿ ಅಷ್ಟೇ.

ಪರಿಚಿತರೊಬ್ಬರು ಇಂಥದೇ ಒಂದು ಆ್ಯಪ್ ತೋರಿಸಿ ವ್ಯವಹಾರಗಳ ಪಟ್ಟಿಯನ್ನು ಮುಂದಿಟ್ಟಾಗ ನಾನು ಮಾಡಿದ ಪರೀಕ್ಷೆಯನ್ನು ಹೇಳುತ್ತೇನೆ, ಇದನ್ನು ನೀವೂ ಅರ್ಧ ಗಂಟೆಯಲ್ಲಿ ಮಾಡಬಹುದು. ಪಟ್ಟಿಯಲ್ಲಿ ಯೂರೊ ಮತ್ತು ಡಾಲರ್‌ನ EUR/USD ಜೋಡಿಯ ಒಂದು ಖರೀದಿಯನ್ನು ಆರಿಸಿಕೊಂಡು ಅದರ ಸಮಯ ಮತ್ತು ಬೆಲೆಯನ್ನು ಬರೆದಿಟ್ಟುಕೊಂಡೆ. ಆ್ಯಪ್‌ನ ಗಡಿಯಾರ ಯಾವ ಕಾಲವಲಯದ್ದು ಎಂದು ನೋಡಿ, ಆ್ಯಪ್‌ಗೆ ಸಂಬಂಧವಿಲ್ಲದ ಬೇರೊಂದು ತಾಣದ ಒಂದು ನಿಮಿಷದ ಚಾರ್ಟ್ ತೆರೆದೆ. ಆ್ಯಪ್ 1.0842ಕ್ಕೆ ಕೊಂಡೆ ಎನ್ನುತ್ತಿದ್ದ ನಿಮಿಷದಲ್ಲಿ ಚಾರ್ಟ್‌ನ ಗರಿಷ್ಠ ಬೆಲೆ 1.0815 ಆಗಿತ್ತು. ಬ್ರೋಕರ್‌ನಿಂದ ಬ್ರೋಕರ್‌ಗೆ ನಾಲ್ಕನೆಯ ದಶಮಾಂಶ ಸ್ಥಾನದಲ್ಲಿ ಒಂದೆರಡು ಅಂಕಿ ಹೆಚ್ಚು ಕಡಿಮೆ ಆಗುವುದುಂಟು. 27 ಅಂಕಿಗಳ ಅಂತರ ಸಾಮಾನ್ಯ ದಿನದಲ್ಲಿ ಸಾಧ್ಯವಿಲ್ಲ. ಇನ್ನೂ ಮೂರು ವ್ಯವಹಾರಗಳನ್ನು ನೋಡಿದಾಗ ಒಂದು ಶನಿವಾರ ಮಧ್ಯಾಹ್ನದ್ದಾಗಿತ್ತು. ಆ ಹೊತ್ತಿಗೆ ಕರೆನ್ಸಿ ಮಾರುಕಟ್ಟೆ ಮುಚ್ಚಿರುತ್ತದೆ. ಆ ಪಟ್ಟಿಯನ್ನು ಯಾರೋ ಕೂತು ಬರೆದಿದ್ದರು.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಬೆಲೆಗಳು ಹೊಂದದಿದ್ದರೆ ಮೋಸ ಸಾಬೀತಾಗುತ್ತದೆ, ಆದರೆ ಹೊಂದಿದ ಮಾತ್ರಕ್ಕೆ ಪ್ರಾಮಾಣಿಕತೆ ಸಾಬೀತಾಗುವುದಿಲ್ಲ, ಏಕೆಂದರೆ ದಿನ ಮುಗಿದ ಮೇಲೆ ಚಾರ್ಟ್ ನೋಡಿಕೊಂಡು ಆಗಲೇ ಆಗಿಹೋದ ಬೆಲೆಗಳನ್ನು ತುಂಬುವುದು ಸುಲಭ. ನಿಜವಾದ ಹಣವಿಲ್ಲದೆ ಅಭ್ಯಾಸಕ್ಕೆಂದು ಇರುವ ಡೆಮೊ ಖಾತೆಯ ಫಲಿತಾಂಶವನ್ನೂ ನಿಜದ್ದೆಂಬಂತೆ ತೋರಿಸಬಹುದು. ಹಾಗಾಗಿ ಬ್ರೋಕರ್ ತಾನೇ ನಿಮಗೆ ನೇರವಾಗಿ ಕಳಿಸುವ ಲೆಕ್ಕಪತ್ರವನ್ನು ಮಾತ್ರ ನಾನು ನಂಬುತ್ತೇನೆ. ಆ್ಯಪ್‌ನ ಪರದೆಯ ಚಿತ್ರವನ್ನಲ್ಲ.

ನೋಂದಣಿ ಸಂಖ್ಯೆ ಇದೆ ಎಂದು ಅವರು ಹೇಳಬಹುದು. ಅದನ್ನು ಅವರು ಕೊಟ್ಟ ಲಿಂಕ್‌ನಲ್ಲಿ ನೋಡಬೇಡಿ. ನಿಯಂತ್ರಣ ಸಂಸ್ಥೆಯ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೊಕ್ಕು, ಅಲ್ಲಿ ದಾಖಲಾಗಿರುವ ಜಾಲತಾಣ ಮತ್ತು ದೂರವಾಣಿ ಆ್ಯಪ್‌ನವರದೇ ಆಗಿವೆಯೇ ಎಂದು ಹೋಲಿಸಿ ನೋಡಿ. ಪ್ರಾಮಾಣಿಕ ಕಂಪನಿಯ ಹೆಸರು ಮತ್ತು ಸಂಖ್ಯೆಯನ್ನು ಕದ್ದು ಬಳಸುವುದು ಈ ಕಸುಬಿನವರ ಹಳೆಯ ರೂಢಿ.

ಇಷ್ಟೆಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಸಾಧನವೂ ನಷ್ಟ ತರಬಹುದು. ಏರುವುದನ್ನಷ್ಟೇ ಬಲ್ಲ ನುಣುಪಾದ ಲಾಭದ ಗೆರೆಯನ್ನು ತೋರಿಸುವ ಬಾಟ್‌ಗಳ ಹಿಂದೆ ಹಲವು ಬಾರಿ ಮಾರ್ಟಿಂಗೇಲ್ ವಿಧಾನ ಇರುತ್ತದೆ: ಸೋತಾಗಲೆಲ್ಲ ಮುಂದಿನ ವ್ಯವಹಾರದ ಗಾತ್ರವನ್ನು ಎರಡು ಪಟ್ಟು ಮಾಡುವುದು. ಒಂದರಿಂದ ಆರಂಭಿಸಿ ಹತ್ತು ಸಲ ಸತತ ಸೋತರೆ ಹನ್ನೊಂದನೆಯ ಬಾರಿಗೆ 1,024 ಬೇಕು, ಅಷ್ಟರಲ್ಲಿ ಖಾತೆ ಖಾಲಿಯಾಗಿರುತ್ತದೆ. ಖಾತೆಯ ಮೊತ್ತ ಮಧ್ಯೆ ಎಷ್ಟು ಆಳಕ್ಕೆ ಕುಸಿದಿತ್ತು ಎಂಬುದನ್ನು ಹೇಳಲು ಒಪ್ಪದವರ ಸಾಧನವನ್ನು ನಾನು ಬಳಸುವುದಿಲ್ಲ.

ಈಗ ಉಳಿದ ಹಣ ತೆಗೆಯಲು ಹೋದಾಗ 'ಮೊದಲು ತೆರಿಗೆ ಕಟ್ಟಿ', 'ಖಾತೆ ಬಿಡಿಸಲು ಠೇವಣಿ ಇಡಿ' ಎಂದು ಕೇಳಿದರೆ ಒಂದು ಪೈಸೆಯನ್ನೂ ಕಳಿಸಬೇಡಿ. ನಿಜವಾದ ಶುಲ್ಕವನ್ನು ಬ್ಯಾಲೆನ್ಸ್‌ನಿಂದಲೇ ಕಡಿತ ಮಾಡಿಕೊಳ್ಳುತ್ತಾರೆ. ಆ ಬೇಡಿಕೆಯ ಸಂದೇಶ, ಪಾವತಿಯ ರಸೀದಿಗಳು, ಹಣ ಹೋದ ಖಾತೆಗಳ ವಿವರ ಇವೆಲ್ಲವನ್ನೂ ಉಳಿಸಿಕೊಂಡು, ಆ್ಯಪ್ ಅಳಿಸುವ ಮೊದಲೇ ನಿಮ್ಮ ಬ್ಯಾಂಕ್‌ಗೆ ಮತ್ತು ಪೊಲೀಸರಿಗೆ ತಿಳಿಸಿ. ಮುಂದೆ ಯಾರಾದರೂ ತಾವಾಗಿಯೇ ಸಂಪರ್ಕಿಸಿ, ಶುಲ್ಕ ಕೊಟ್ಟರೆ ಕಳೆದ ಹಣ ಮರಳಿ ಕೊಡಿಸುತ್ತೇವೆ ಎಂದರೆ, ಬಹುಪಾಲು ಅದೇ ಗುಂಪು ಅಥವಾ ಅವರಿಂದ ನಿಮ್ಮ ಸಂಖ್ಯೆ ಕೊಂಡವರು ಎಂದು ತಿಳಿದು ಉತ್ತರಿಸದೆ ಬಿಡಿ.